ಕಡಲ ಕಾವು, ಕಣದ ಮಳೆ



ನವೆಂಬರ್ ತಿಂಗಳಲ್ಲಿ ಹರಪನಹಳ್ಳಿಯಿಂದ ಕೊಟ್ಟೂರಿನ ಕಡೆಗೋ ಹಡಗಲಿಯ ಕಡೆಗೋ ಹೊರಟರೆ ಅರ್ಧ ರಸ್ತೆ ಮಾತ್ರ ವಾಹನಗಳಿಗೆ ಸಿಗುತ್ತದೆ. ಉಳಿದ ಅರ್ಧದಲ್ಲಿ ಮೆಕ್ಕೆಜೋಳ ಹರವಿರುತ್ತಾರೆ. ಅಂಚಿಗೆ ಸಾಲಾಗಿ ಕಲ್ಲು, ಪಕ್ಕದಲ್ಲಿ ಮಡಚಿಟ್ಟ ತಾಡಪಾಲು, ಕಾಳನ್ನು ಕಾಲಿನಿಂದ ಗೆರೆ ಎಳೆಯುತ್ತಾ ತಿರುವಿಹಾಕುವ ಒಬ್ಬ ಅಜ್ಜ. ಇನ್ನೆರಡು ದಿನ ಬಿಸಿಲು ಬಿದ್ದರೆ ಸಾಕು, ಚೀಲ ತುಂಬಬಹುದು ಎನ್ನುವಾಗಲೇ ವಾರ್ತೆಯಲ್ಲಿ ಬರುತ್ತದೆ: ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ, ಒಳನಾಡಿನಲ್ಲಿ ಮಳೆ ಸಾಧ್ಯತೆ.

ನಮ್ಮ ಈ ಕಡೆಯ ತಾಲ್ಲೂಕುಗಳಿಗೆ ಸಮುದ್ರವೇನೂ ನೆರೆಯಲ್ಲ. ಹರಪನಹಳ್ಳಿಯಿಂದ ಹಕ್ಕಿ ಹಾರಿದಂತೆ ನೇರ ಪಡುವಣಕ್ಕೆ ಹೋದರೆ ಅರಬ್ಬಿ ಸಮುದ್ರ ಸುಮಾರು 200 ಕಿಲೋಮೀಟರ್, ಮೂಡಣಕ್ಕೆ ಹೋದರೆ ಬಂಗಾಳಕೊಲ್ಲಿ ಸುಮಾರು 440 ಕಿಲೋಮೀಟರ್. ಚಂಡಮಾರುತ ಎಂದರೆ ತೆಂಗಿನ ಮರ ನೆಲಕ್ಕೆ ಬಾಗುವುದು, ದೋಣಿ ಮಗುಚುವುದು, ಮನೆಯ ತಗಡು ಹಾರುವುದು ಎಂದು ನಾವು ಚಿತ್ರದಲ್ಲಿ ನೋಡಿದವರು. ನಮ್ಮ ಹೊಲಕ್ಕೆ ಬರುವುದು ಬೇರೆಯೇ: ಗಾಳಿಯಿಲ್ಲದ, ಬಿಸಿಲೂ ಇಲ್ಲದ, ಮೂರು ದಿನ ಬಿಡದೆ ಸುರಿಯುವ ಜಿಟಿಜಿಟಿ ಮಳೆ. ಎರಡಕ್ಕೂ ಮೂಲ ಒಂದೇ. ಗಾಳಿ ಎಲ್ಲಿ ಹೋಯಿತು, ನೀರು ಮಾತ್ರ ಇಲ್ಲಿಯವರೆಗೆ ಹೇಗೆ ಬಂತು ಎನ್ನುವುದು ಈ ಹೊತ್ತಿನ ನನ್ನ ಮಾತು. ಅದಕ್ಕೆ ಮೊದಲು ಆ ಗಾಳಿ ಏನು ತಿಂದು ಬದುಕುತ್ತದೆ ಎಂದು ತಿಳಿಯಬೇಕು.

ನಿಮ್ಮ ನೆನಪಿನಲ್ಲಿರುವ ಒಂದು ಚಂಡಮಾರುತವನ್ನೇ ಹಿಡಿಯೋಣ. 2021ರ ಮೇ ತಿಂಗಳ ತೌಕ್ತೆ. ಕೊರೊನಾದ ಎರಡನೇ ಅಲೆ, ಲಾಕ್‌ಡೌನ್, ಕೃತ್ತಿಕೆ ಮಳೆಯ ದಿನಗಳು. ಮೇ 14ರ ಬೆಳಿಗ್ಗೆ ಲಕ್ಷದ್ವೀಪದ ಬಳಿ ಅದು ಇನ್ನೂ ವಾಯುಭಾರ ಕುಸಿತ ಅಷ್ಟೆ, ಅಂದರೆ ಗಾಳಿಯ ವೇಗ ಗಂಟೆಗೆ ಐವತ್ತು ಕಿಲೋಮೀಟರ್ ದಾಟಿರಲಿಲ್ಲ. ಅದೇ ದಿನ ನಡುರಾತ್ರಿಯ ಹೊತ್ತಿಗೆ ಚಂಡಮಾರುತವಾಗಿ ಹೆಸರು ಪಡೆಯಿತು. ಮೇ 17ರ ನಸುಕಿನಲ್ಲಿ ಹವಾಮಾನ ಇಲಾಖೆ ಅದನ್ನು ಅತ್ಯಂತ ತೀವ್ರ ವರ್ಗಕ್ಕೆ ಏರಿಸಿತು. ಆ ದಿನ ಅದರ ಗಾಳಿ ಗಂಟೆಗೆ 180ರಿಂದ 190 ಕಿಲೋಮೀಟರ್. ಮೂರೇ ದಿನದಲ್ಲಿ ಇಷ್ಟು ಬೆಳೆಯಲು ಅದಕ್ಕೆ ಮೇವು ಎಲ್ಲಿಂದ ಸಿಕ್ಕಿತು?

ಕೆಳಗಿನ ನೀರಿನಿಂದ. ಮುಂಗಾರು ಹಿಡಿಯುವ ಮುಂಚೆ ಅರಬ್ಬಿ ಸಮುದ್ರ ವರ್ಷದಲ್ಲೇ ಅತಿ ಹೆಚ್ಚು ಕಾದಿರುತ್ತದೆ. ಆ ವಾರ ತೌಕ್ತೆ ಸಾಗಿದ ದಾರಿಯಲ್ಲಿ ಮೇಲ್ಮೈ ನೀರಿನ ಉಷ್ಣಾಂಶ 30ರಿಂದ 31 ಡಿಗ್ರಿ ಸೆಲ್ಸಿಯಸ್ ಇತ್ತು. ಚಂಡಮಾರುತ ಹುಟ್ಟಲು ಸಾಮಾನ್ಯವಾಗಿ 26.5 ಡಿಗ್ರಿಯಾದರೂ ಬೇಕು ಎಂದು ಹವಾಮಾನ ಶಾಸ್ತ್ರದವರು ಲೆಕ್ಕ ಹಾಕಿದ್ದಾರೆ. ಮೇಲೆ ಒಂದು ಗೇಣು ಬೆಚ್ಚಗಿದ್ದರೆ ಸಾಲದು, ಸುಮಾರು ಐವತ್ತು ಮೀಟರ್ ಆಳದವರೆಗೂ ಆ ಕಾವು ಇರಬೇಕು. ಆಳ ಯಾಕೆ ಎನ್ನುವುದಕ್ಕೆ ಆಮೇಲೆ ಬರುತ್ತೇನೆ.

ಮೂರು ನಾಲ್ಕು ಡಿಗ್ರಿ ಹೆಚ್ಚಾದರೆ ಅಂಥ ವ್ಯತ್ಯಾಸವೇನು ಎನ್ನಿಸಬಹುದು. 26 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 24 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. ಅದೇ ಗಾಳಿ 30 ಡಿಗ್ರಿಗೆ ಕಾದರೆ 30 ಗ್ರಾಂ ಹಿಡಿಯುತ್ತದೆ. ನಾಲ್ಕೇ ಡಿಗ್ರಿಗೆ ಕಾಲು ಪಾಲು ಹೆಚ್ಚು ನೀರು. ಚಂಡಮಾರುತದ ಮೇವು ಬಿಸಿನೀರಲ್ಲ, ಬಿಸಿನೀರು ಗಾಳಿಗೆ ತುಂಬಿಕೊಡುವ ಈ ಆವಿ.

ನಮ್ಮ ಮನೆಗಳಲ್ಲಿ ಬೇಸಿಗೆಗೆ ಮಣ್ಣಿನ ಗಡಿಗೆಯಲ್ಲಿ ನೀರು ಇಡುತ್ತೇವಲ್ಲ, ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗಿ ಹೋಗುವಾಗ ಒಳಗಿನ ನೀರಿನ ಕಾವನ್ನು ಹೊತ್ತುಕೊಂಡು ಹೋಗುತ್ತದೆ. ಅದಕ್ಕೇ ಒಳಗಿನ ನೀರು ತಂಪು. ಸಮುದ್ರದ ಮೇಲೂ ನಡೆಯುವುದು ಇದೇ. ಹೊತ್ತುಕೊಂಡು ಹೋದ ಕಾವು ಅಲ್ಲಿಗೆ ಮಾಯವಾಗುವುದಿಲ್ಲ. ಆವಿ ಮೇಲೇರಿ, ತಣಿದು, ಮತ್ತೆ ಹನಿಯಾಗುವ ಕ್ಷಣದಲ್ಲಿ ಅಷ್ಟೂ ಕಾವನ್ನು ಸುತ್ತಲಿನ ಗಾಳಿಗೆ ಬಿಟ್ಟುಕೊಡುತ್ತದೆ. ಸಮುದ್ರದಲ್ಲಿ ಪಡೆದದ್ದನ್ನು ಐದಾರು ಕಿಲೋಮೀಟರ್ ಎತ್ತರದ ಮೋಡದಲ್ಲಿ ತೀರಿಸುತ್ತದೆ.

ಆ ಕಾವು ಎಷ್ಟು ಎನ್ನುವುದನ್ನು ನಮ್ಮ ಹೊಲದ ಲೆಕ್ಕದಲ್ಲೇ ನೋಡೋಣ. ಒಂದು ಲೀಟರ್ ನೀರಿನಷ್ಟು ಆವಿ ಹನಿಯಾದರೆ ಬಿಡುಗಡೆಯಾಗುವ ಶಾಖ, ಕರೆಂಟಿನ ಲೆಕ್ಕದಲ್ಲಿ ಒಂದು ಯೂನಿಟ್‌ನ ಮೂರರಲ್ಲಿ ಎರಡು ಪಾಲು. ಒಂದು ಎಕರೆ ಹೊಲದ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿತ್ತು ಅನ್ನಿ. ಅದು ಸುಮಾರು ನಲವತ್ತು ಸಾವಿರ ಲೀಟರ್ ನೀರು. ಅಷ್ಟು ನೀರು ಹನಿಗಟ್ಟುವಾಗ ಆ ಎಕರೆಯ ನೆತ್ತಿಯ ಮೇಲೆ ಬಿಡುಗಡೆಯಾದ ಶಾಖ ಇಪ್ಪತ್ತೇಳು ಸಾವಿರ ಯೂನಿಟ್. ಐದು ಎಚ್‌ಪಿ ಪಂಪ್‌ಸೆಟ್ಟನ್ನು ದಿನಕ್ಕೆ ಏಳು ಗಂಟೆಯಂತೆ ಹೆಚ್ಚುಕಡಿಮೆ ಮೂರು ವರ್ಷ ಓಡಿಸುವಷ್ಟು. ಇದು ಒಂದು ಎಕರೆಗೆ, ಒಂದು ಸೆಂಟಿಮೀಟರಿಗೆ. ಚಂಡಮಾರುತದ ಮೋಡಗಳು ನೂರಾರು ಕಿಲೋಮೀಟರ್ ಅಗಲ ಹರಡಿಕೊಂಡು ದಿನಕ್ಕೆ ಹತ್ತಿಪ್ಪತ್ತು ಸೆಂಟಿಮೀಟರ್ ಸುರಿಸುತ್ತವೆ. ಗುಣಿಸಿ ನೋಡುವ ಕೆಲಸ ನಿಮಗೆ ಬಿಟ್ಟಿದ್ದೇನೆ.

ಹಾಗಂತ ಈ ಶಾಖವೆಲ್ಲ ಗಾಳಿಯ ವೇಗವಾಗುತ್ತದೆ ಎಂದುಕೊಳ್ಳಬೇಡಿ. ಹೆಚ್ಚಿನ ಪಾಲು ಆ ಭಾರದ ಗಾಳಿಯನ್ನು ಮೇಲಕ್ಕೆತ್ತುವುದರಲ್ಲೇ ಕರಗಿಹೋಗುತ್ತದೆ. ಬೀಸುಗಾಳಿಯಾಗಿ ಉಳಿಯುವುದು ಸುಮಾರು ನಾನೂರರಲ್ಲಿ ಒಂದು ಪಾಲು. ತಗಡು ಹಾರಿಸಿದ್ದು, ಮರ ಉರುಳಿಸಿದ್ದು ಆ ಒಂದು ಪಾಲು.

ಈಗ ಶಾಖ ಗಾಳಿಯಾಗುವ ಬಗೆ. ಮೋಡದೊಳಗೆ ಕಾವು ಬಿದ್ದಂತೆಲ್ಲ ಅಲ್ಲಿನ ಗಾಳಿ ಹಿಗ್ಗಿ ಹಗುರಾಗುತ್ತದೆ, ಮತ್ತಷ್ಟು ಮೇಲೇರುತ್ತದೆ, ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಸುತ್ತಲೂ ಹರಡಿಹೋಗುತ್ತದೆ. ಅಲ್ಲಿನ ಚಳಿ ಸೊನ್ನೆಗಿಂತ ಎಪ್ಪತ್ತು ಡಿಗ್ರಿ ಕೆಳಗೆ. ಕೆಳಗೆ ಬೆಚ್ಚಗಿನ ಕಡಲು, ಮೇಲೆ ಕೊರೆಯುವ ತಂಪು. ಯಾವ ಶಾಖಯಂತ್ರಕ್ಕೂ ಬೇಕಾದ ಎರಡು ತುದಿ ಇವೇ. ಕಂಬದಂತೆ ನಿಂತ ಆ ಗಾಳಿಯಲ್ಲಿ ಒಂದಷ್ಟು ಮೇಲಿನಿಂದ ಆಚೆ ಹೋಯಿತಲ್ಲ, ಹಾಗಾಗಿ ಕೆಳಗಿನ ನೀರಿನ ಮೇಲೆ ಕೂತ ಗಾಳಿಯ ಭಾರ ಇಳಿಯುತ್ತದೆ. ವಾರ್ತೆಯಲ್ಲಿ ಹೇಳುವ ವಾಯುಭಾರ ಕುಸಿತ ಇದು. ತೌಕ್ತೆ ಪೂರ್ತಿ ಬೆಳೆದಾಗ ಅದರ ನಡುಮಧ್ಯದಲ್ಲಿ ವಾಯುಭಾರ ಸುಮಾರು 950 ಹೆಕ್ಟೊಪ್ಯಾಸ್ಕಲ್‌ಗೆ ಇಳಿದಿತ್ತು. ಹೊರಗಿನದು ಸಾವಿರದ ಆಸುಪಾಸು. ಈ ಐವತ್ತರ ಕೊರತೆಯನ್ನು ತೂಕದಲ್ಲಿ ಹೇಳುವುದಾದರೆ, ನಡುವಿನ ಪ್ರತಿ ಚದರ ಮೀಟರಿನ ಮೇಲೆ ಗಾಳಿಯ ಹೊರೆ ಅರ್ಧ ಟನ್ ಕಡಿಮೆ.

ಆ ಕೊರತೆ ತುಂಬಲು ಸುತ್ತಲಿನ ಗಾಳಿ ನುಗ್ಗುತ್ತದೆ. ನೇರವಾಗಿ ನುಗ್ಗಿದ್ದರೆ ಕೆಲವೇ ಗಂಟೆಯಲ್ಲಿ ತಗ್ಗು ತುಂಬಿ ಎಲ್ಲ ಮುಗಿಯುತ್ತಿತ್ತು. ಭೂಮಿ ತಿರುಗುತ್ತಿರುವುದರಿಂದ ನಮ್ಮ ಉತ್ತರಾರ್ಧಗೋಳದಲ್ಲಿ ಸಾಗುವ ಗಾಳಿ ಬಲಕ್ಕೆ ಓರೆಯಾಗುತ್ತದೆ. ನಡುವಿಗೆ ಹೊರಟದ್ದು ನಡುವನ್ನು ತಪ್ಪಿಸಿ ಅದರ ಸುತ್ತ ಸುತ್ತತೊಡಗುತ್ತದೆ, ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ. ಒಳಕ್ಕೆ ಸರಿದಷ್ಟೂ ಸುತ್ತು ಚಿಕ್ಕದಾಗಿ ವೇಗ ಏರುತ್ತದೆ. ಕೊನೆಗೆ ಇನ್ನು ಒಳಗೆ ಹೋಗಲಾರದೆ ಒಂದು ಉಂಗುರದಲ್ಲಿ ಮೇಲಕ್ಕೇಳುತ್ತದೆ. ಉಂಗುರದ ಒಳಗೆ ಗಾಳಿಯಿಲ್ಲ, ಮಳೆಯಿಲ್ಲ, ಕೆಲವೊಮ್ಮೆ ನೀಲಿ ಆಕಾಶವೂ ಕಾಣುತ್ತದೆ. ಅದೇ ಚಂಡಮಾರುತದ ಕಣ್ಣು. ಉಪಗ್ರಹದ ಚಿತ್ರದಲ್ಲಿ ಈ ಕಣ್ಣು ಸ್ಪಷ್ಟವಾಗಿ ತೆರೆದುಕೊಂಡಿತು ಎಂದರೆ ಯಂತ್ರ ಪೂರ್ಣವೇಗದಲ್ಲಿ ಓಡುತ್ತಿದೆ ಎಂದೇ ಹವಾಮಾನದವರು ಓದುತ್ತಾರೆ.

ಚಂಡಮಾರುತವನ್ನು ಭಯಂಕರ ಮಾಡುವುದು ಇದರೊಳಗಿನ ಒಂದು ಕೊಂಡಿ. ಒದ್ದೆ ಬಟ್ಟೆ ಗಾಳಿಯಾಡುವ ಕಡೆ ಬೇಗ ಒಣಗುತ್ತದೆ, ಅಂದರೆ ಗಾಳಿ ಹೆಚ್ಚಿದಷ್ಟೂ ಆವಿಯಾಗುವುದು ಹೆಚ್ಚು. ಗಾಳಿ ಬೀಸಿದಷ್ಟೂ ಕಡಲಿನಿಂದ ಆವಿ ಏಳುತ್ತದೆ, ಆವಿ ಎದ್ದಷ್ಟೂ ಶಾಖ, ಶಾಖ ಸಿಕ್ಕಷ್ಟೂ ಗಾಳಿ. ತನ್ನ ಮೇವನ್ನು ತಾನೇ ಎಬ್ಬಿಸಿಕೊಳ್ಳುವ ವ್ಯವಸ್ಥೆ. 1980ರ ದಶಕದಲ್ಲಿ ಅಮೆರಿಕದ ಹವಾಮಾನ ವಿಜ್ಞಾನಿ ಕೆರಿ ಇಮ್ಯಾನುಯೆಲ್ ಈ ಕೊಂಡಿಯನ್ನೇ ಮುಖ್ಯವಾಗಿಟ್ಟುಕೊಂಡು ಚಂಡಮಾರುತವನ್ನು ಒಂದು ಶಾಖಯಂತ್ರವಾಗಿ ಲೆಕ್ಕಕ್ಕೆ ತಂದರು. ಯುಗಾದಿ ಆದಮೇಲೆ ನಮ್ಮ ಬೀಳುಹೊಲಗಳಲ್ಲಿ ಧೂಳು, ತರಗೆಲೆ ಎತ್ತಿಕೊಂಡು ಓಡುವ ಸುಂಟರಗಾಳಿಯಲ್ಲಿ ಈ ಕೊಂಡಿ ಇಲ್ಲ. ಅದಕ್ಕೆ ಸಿಗುವುದು ಕಾದ ನೆಲದ ಒಣ ಬಿಸಿ ಮಾತ್ರ, ಕೆಲವು ನಿಮಿಷ ಕುಣಿದು ಬದುವಿನ ಬಳಿ ಬಿದ್ದುಹೋಗುತ್ತದೆ. ಅದು ಎಡಕ್ಕೂ ಸುತ್ತೀತು, ಬಲಕ್ಕೂ ಸುತ್ತೀತು.

ಹಾಗಾದರೆ ಚಂಡಮಾರುತ ಬೆಳೆಯುತ್ತಲೇ ಹೋಗಬೇಕಿತ್ತಲ್ಲ? ತಡೆಯುವ ಸಂಗತಿಗಳಿವೆ. ಆಗ ಆಳದ ಮಾತು ಹೇಳಿದೆ. ಅಷ್ಟು ಬಿರುಸಾದ ಗಾಳಿ ಕಡಲನ್ನು ಕಡೆಯುತ್ತದೆ, ಕೆಳಗಿನ ತಣ್ಣೀರು ಮೇಲೆ ಬರುತ್ತದೆ. ಕಾವು ತೆಳ್ಳಗಿದ್ದರೆ ಚಂಡಮಾರುತ ತನ್ನ ಕಾಲಬುಡದ ನೀರನ್ನು ತಾನೇ ತಣ್ಣಗೆ ಮಾಡಿಕೊಂಡು ಸೊರಗುತ್ತದೆ. ಒಂದೇ ಕಡೆ ನಿಂತರೆ ಅಥವಾ ತೀರ ನಿಧಾನವಾಗಿ ಸರಿದರೆ ಹೀಗಾಗುವುದು ಹೆಚ್ಚು. ಐವತ್ತು ಮೀಟರಿನವರೆಗೂ ಕಾವಿದ್ದರೆ ಕಡೆದರೂ ಮೇಲೆ ಬರುವುದು ಬೆಚ್ಚಗಿನ ನೀರೇ.

ಇನ್ನೊಂದು ತಡೆ ಮೇಲಿನ ಗಾಳಿ. ಜುಲೈ, ಆಗಸ್ಟ್‌ನಲ್ಲಿ ಕಡಲು ಸಾಕಷ್ಟು ಬೆಚ್ಚಗೇ ಇರುತ್ತದೆ, ಬಂಗಾಳಕೊಲ್ಲಿಯಂತೂ 28 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಆದರೂ ಮುಂಗಾರಿನ ನಡುವೆ ಚಂಡಮಾರುತ ಅಪರೂಪ. ಆ ತಿಂಗಳುಗಳಲ್ಲಿ ಕೆಳಗಡೆ ಪಡುವಣ ಗಾಳಿ ಬೀಸುತ್ತಿದ್ದರೆ ಹನ್ನೆರಡು, ಹದಿನೈದು ಕಿಲೋಮೀಟರ್ ಎತ್ತರದಲ್ಲಿ ಮೂಡಣ ಗಾಳಿ ಅಷ್ಟೇ ಜೋರಾಗಿ ಓಡುತ್ತಿರುತ್ತದೆ. ಬುಡ ಒಂದು ಕಡೆಗೆ, ತಲೆ ಇನ್ನೊಂದು ಕಡೆಗೆ ಎಳೆದಾಗ ಮೋಡದ ಕಂಬ ನೆಟ್ಟಗೆ ನಿಲ್ಲುವುದಿಲ್ಲ, ಬಿಟ್ಟ ಶಾಖ ಒಂದೆಡೆ ಕೂಡುವುದಿಲ್ಲ. ಅದಕ್ಕೇ ನಮ್ಮ ಚಂಡಮಾರುತಗಳು ಮುಂಗಾರಿಗೆ ಮುಂಚಿನ ಏಪ್ರಿಲ್, ಮೇಯಲ್ಲಿ ಒಮ್ಮೆ, ಮುಂಗಾರು ಹಿಂದೆ ಸರಿದ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಮತ್ತೊಮ್ಮೆ ಬರುತ್ತವೆ. ಒಂದು ಬಿತ್ತನೆಗೆ ಮುಂಚೆ, ಇನ್ನೊಂದು ಸರಿಯಾಗಿ ಒಕ್ಕಲಿನ ಹೊತ್ತಿಗೆ. ನಮ್ಮ ದುರದೃಷ್ಟಕ್ಕೆ ಎರಡನೆಯದೇ ಹೆಚ್ಚು.

ಮೂರನೆಯ ತಡೆ ನೆಲ. ಇಲ್ಲಿ ತೌಕ್ತೆಯ ಕಥೆಯನ್ನು ಮುಂದುವರಿಸಬೇಕು. ಅದು ನಮ್ಮ ಕರಾವಳಿಯನ್ನು ಹಾಯಲಿಲ್ಲ, ದಡಕ್ಕೆ ಸಮನಾಗಿ ಕಡಲಲ್ಲೇ ಬಡಗಣಕ್ಕೆ ಸಾಗಿತು. ನೀರು ಬಿಟ್ಟು ಕದಲದ ಕಾರಣ ಮೇವಿಗೆ ಕೊರತೆಯಾಗಲಿಲ್ಲ. ಅದರ ಅಂಚಿನ ಮೋಡಗಳು ಪಶ್ಚಿಮಘಟ್ಟಕ್ಕೆ ಬಡಿದು ಉಡುಪಿ ಜಿಲ್ಲೆಯ ನಾಡ ಎಂಬಲ್ಲಿ ಒಂದೇ ದಿನದಲ್ಲಿ 385 ಮಿಲಿಮೀಟರ್ ಮಳೆ ಸುರಿಸಿದವು. ನಮ್ಮ ಕಡೆ ಇಡೀ ವರ್ಷಕ್ಕೆ ಬೀಳುವ ಮಳೆಯ ಅರ್ಧಕ್ಕಿಂತ ಹೆಚ್ಚು. ಮೂಲ್ಕಿಯ ಎದುರು ಕಡಲಿನ ಬಂಡೆಗಳಿಗೆ ಸಿಕ್ಕಿಹಾಕಿಕೊಂಡ ಟಗ್‌ನಲ್ಲಿದ್ದ ಒಂಬತ್ತು ಮಂದಿಯನ್ನು ಮೇ 17ರಂದು ಕರಾವಳಿ ಕಾವಲು ಪಡೆ ಮತ್ತು ನೌಕಾಪಡೆಯವರು ಪಾರುಮಾಡಿದ್ದನ್ನು ಪತ್ರಿಕೆಗಳಲ್ಲಿ ಓದಿರುತ್ತೀರಿ. ಅದೇ ರಾತ್ರಿ ತೌಕ್ತೆ ಗುಜರಾತಿನ ಊನಾ ಬಳಿ ನೆಲಕ್ಕೆ ಅಪ್ಪಳಿಸಿತು. ಆಗಲೂ ಗಾಳಿ ಗಂಟೆಗೆ 160ರಿಂದ 170 ಕಿಲೋಮೀಟರ್.

ನೆಲ ಹತ್ತಿದ ಮೇಲೆ ಆದದ್ದು ಗಮನಿಸಿ. ಕೆಳಗೆ ಕಾದ ನೀರಿಲ್ಲ, ಆವಿಯಿಲ್ಲ, ಶಾಖದ ಪೂರೈಕೆ ಅಲ್ಲಿಗೆ ನಿಂತಿತು. ಗುಡ್ಡ, ಗಿಡಮರ, ಮನೆಗಳ ಉಜ್ಜಾಟ ಬೇರೆ. ಇಂಥ ಸ್ಥಿತಿಯಲ್ಲಿ ಚಂಡಮಾರುತದ ಗಾಳಿ ಅರ್ಧ ದಿನದೊಳಗೆ ಅರ್ಧಕ್ಕೂ ಕೆಳಗಿಳಿಯುವುದು ಸಾಮಾನ್ಯ. ಮರುದಿನವೇ ತೌಕ್ತೆಯ ಗಾಳಿ ಮುದುಡಿತು, 19ರಂದು ರಾಜಸ್ಥಾನದಲ್ಲಿ ಅದು ಮತ್ತೆ ಬರೀ ವಾಯುಭಾರ ಕುಸಿತ. ಆದರೆ ಮೂರು ದಿನ ಕಡಲಿನಿಂದ ಹೀರಿದ್ದ ನೀರು ಇನ್ನೂ ಮೋಡದಲ್ಲೇ ಇತ್ತು. ದಡ ಮುಟ್ಟಿದ ಜಾಗದಿಂದ ಸಾವಿರ ಕಿಲೋಮೀಟರಿನಾಚೆಯ ದೆಹಲಿಯಲ್ಲಿ, ನಲವತ್ತು ಡಿಗ್ರಿ ಸುಡಬೇಕಾದ ಮೇ 19ರಂದು ಗರಿಷ್ಠ ಉಷ್ಣಾಂಶ 23.8 ಡಿಗ್ರಿ ದಾಟಲಿಲ್ಲ. ಮರುದಿನ ಬೆಳಗಿನವರೆಗೆ ಅಲ್ಲಿ 119 ಮಿಲಿಮೀಟರ್ ಮಳೆಯಾಯಿತು, ಮೇ ತಿಂಗಳಿಗೆ ದಾಖಲೆ. ಗಾಳಿ ದಡದಲ್ಲೇ ಸತ್ತಿತು, ನೀರು ದೆಹಲಿಗೆ ನಡೆದು ಹೋಯಿತು.

ಇದನ್ನು ಕೈಯಲ್ಲಿಟ್ಟುಕೊಂಡು ಅದೇ ವರ್ಷದ ನವೆಂಬರಿಗೆ ಬನ್ನಿ. ಬಂಗಾಳಕೊಲ್ಲಿಯಲ್ಲಿ ಎದ್ದ ಒಂದು ವಾಯುಭಾರ ಕುಸಿತ ನವೆಂಬರ್ 19ರ ನಸುಕಿನಲ್ಲಿ ಚೆನ್ನೈ ಮತ್ತು ಪುದುಚೇರಿಯ ನಡುವೆ ದಡ ದಾಟಿತು. ಅದು ಚಂಡಮಾರುತದ ಮಟ್ಟಕ್ಕೆ ಬೆಳೆಯಲೇ ಇಲ್ಲ, ಹಾಗಾಗಿ ಯಾರೂ ಅದಕ್ಕೆ ಹೆಸರಿಡಲಿಲ್ಲ. ಗಾಳಿಯ ಲೆಕ್ಕದಲ್ಲಿ ತೌಕ್ತೆಯ ಮುಂದೆ ಅದು ಏನೂ ಅಲ್ಲ. ಆದರೆ ನೀರಿನ ಲೆಕ್ಕ ಬೇರೆ. ತಿರುಪತಿಯ ಬೀದಿಗಳು ಹೊಳೆಯಾದವು, ಕಡಪ ಜಿಲ್ಲೆಯಲ್ಲಿ ಅನ್ನಮಯ್ಯ ಅಣೆಕಟ್ಟು ಒಡೆಯಿತು. ಕರ್ನಾಟಕದ ಒಳನಾಡಿನಲ್ಲಿ ಕಟಾವಿಗೆ ಬಂದ ಭತ್ತ, ರಾಗಿ, ಮೆಕ್ಕೆಜೋಳ ಹೊಲದಲ್ಲೇ ನೆನೆದು ಮೊಳಕೆಯೊಡೆದವು. ಹೆಸರಿದ್ದ ಚಂಡಮಾರುತದ ಸುದ್ದಿ ಬಂದಾಗ ಜನ ಎದ್ದು ಕೂರುತ್ತಾರೆ, ಬರೀ ಕುಸಿತ ಎಂದರೆ ರೇಡಿಯೊ ಆರಿಸುತ್ತಾರೆ. ವಾರ್ತೆಯ ವರ್ಗಗಳು ಗಾಳಿಯ ವೇಗವನ್ನು ಹೇಳುತ್ತವೆಯೇ ಹೊರತು ಅದು ಹೊತ್ತ ನೀರಿನ ತೂಕವನ್ನಲ್ಲ. ದಡದಿಂದ ನಾನೂರು ಕಿಲೋಮೀಟರ್ ದೂರದ ನಮಗೆ ಬೇಕಾದದ್ದು ಈ ಎರಡನೆಯದು.

ಹಾಗಾದರೆ ವಾರ್ತೆಯಲ್ಲಿ ಏನನ್ನು ಕೇಳಿಸಿಕೊಳ್ಳಬೇಕು? ದಡ ಮುಟ್ಟುವ ಜಾಗವನ್ನು. ಕಾಕಿನಾಡ, ಒಡಿಶಾ ಎಂದರೆ ಅದರ ಮಳೆ ಹೆಚ್ಚಾಗಿ ಬಡಗಣಕ್ಕೆ ಹೋಗುತ್ತದೆ, ನಮಗೆ ಮೋಡ ಕಂಡರೂ ಒಣ ಗಾಳಿಯೇ ಸಿಗುವುದುಂಟು. ನೆಲ್ಲೂರು, ಚೆನ್ನೈ, ಪುದುಚೇರಿ ಎಂದು ಕೇಳಿದರೆ, ಅದರಲ್ಲೂ ಪಡುವಣಕ್ಕೆ ಚಲಿಸಲಿದೆ ಎಂದು ಸೇರಿಸಿದರೆ, ರಾಯಲಸೀಮೆ ದಾಟಿ ನಮ್ಮ ಕಡೆ ಬರುವ ದಾರಿ ಅದು. 2012ರ ಅಕ್ಟೋಬರ್ 31ರಂದು ಮಹಾಬಲಿಪುರದ ಬಳಿ ದಡ ಸೇರಿದ ನೀಲಂ ಚಂಡಮಾರುತ ಕೂಡ ಬಲ ಕುಂದುತ್ತಾ ರಾಯಲಸೀಮೆಯ ಕಡೆಗೇ ಸಾಗಿತ್ತು.

ವಾರ್ತೆಯ ಜೊತೆಗೆ ಹೊಲದಲ್ಲಿ ನಿಂತೇ ನೋಡಬಹುದಾದ ಒಂದು ಗುರುತಿದೆ. ಹಡಗಿನವರು ಬಹುಕಾಲದಿಂದ ಬಳಸಿದ ಉಪಾಯ ಇದು. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕುಸಿತದ ನಡು ನಿಮ್ಮ ಎಡಗೈ ಬದಿಗೆ ಇರುತ್ತದೆ. ಗಾಳಿ ಗಡಿಯಾರಕ್ಕೆ ಎದುರಾಗಿ ಸುತ್ತುತ್ತದೆ ಎಂದೆನಲ್ಲ, ಅದರದೇ ಫಲ. ನೆಲದ ಮೇಲಿನ ಗಾಳಿಯನ್ನು ಮನೆ, ಗುಡ್ಡ, ಮರಗಳು ತಿರುಚುತ್ತವೆ, ಆದ್ದರಿಂದ ತಗ್ಗಿನಲ್ಲಿ ಓಡುವ ಮೋಡ ಯಾವ ಕಡೆಯಿಂದ ಬರುತ್ತಿದೆ ಎಂದು ನೋಡುವುದು ಒಳ್ಳೆಯದು. ಕುಸಿತ ಚೆನ್ನೈ ಬಳಿ ಇದ್ದಾಗ ಅದು ನಮಗೆ ಆಗ್ನೇಯ ದಿಕ್ಕು, ಹಾಗಾಗಿ ಮೋಡ ಈಶಾನ್ಯದಿಂದ ಬರುತ್ತದೆ. ಅದು ಬೆಂಗಳೂರಿನತ್ತ ಸರಿದು ನಮಗೆ ತೆಂಕಣವಾದಂತೆ ಮೋಡ ನೇರ ಮೂಡಣದಿಂದ, ಆಮೇಲೆ ಅರಬ್ಬಿ ಸಮುದ್ರದ ಕಡೆ ಇಳಿದಾಗ ಆಗ್ನೇಯದಿಂದ ಬರುತ್ತದೆ. ಈ ಸರದಿ ಕಂಡರೆ ಕುಸಿತ ನಮ್ಮ ತೆಂಕಣಕ್ಕೆ ಹಾಯುತ್ತಿದೆ ಎಂದರ್ಥ. ಮೂಡಣ ಗಾಳಿ ಬಂಗಾಳಕೊಲ್ಲಿಯ ಆವಿಯನ್ನು ತರುವುದರಿಂದ ಮಳೆ ಜೋರಾಗುವುದು ಈ ದಾರಿಯಲ್ಲೇ. ಮೋಡ ವಾಯವ್ಯದಿಂದ ಬರುತ್ತಾ ಪಡುವಣಕ್ಕೆ ತಿರುಗಿದರೆ ಅದು ನಮ್ಮ ಬಡಗಣದಿಂದ, ರಾಯಚೂರಿನ ಆಚೆಯಿಂದ ಹಾಯುತ್ತಿದೆ.

ಒಂದು ಎಚ್ಚರಿಕೆ. ನವೆಂಬರಿನಲ್ಲಿ ಕುಸಿತ ಇಲ್ಲದಿದ್ದರೂ ಈಶಾನ್ಯದ ಗಾಳಿ ಬೀಸುವುದು ವಾಡಿಕೆ. ಬರೀ ದಿಕ್ಕು ನೋಡಿ ತಾಡಪಾಲು ಮುಚ್ಚಲು ಹೋದರೆ ತಿಂಗಳು ಪೂರ್ತಿ ಮುಚ್ಚಿಯೇ ಇಡಬೇಕಾದೀತು. ನೋಡಬೇಕಾದ್ದು ದಿಕ್ಕು ತಾಸು ತಾಸಿಗೆ ತಿರುಗುತ್ತಿದೆಯೇ, ತಗ್ಗಿನ ಮೋಡದ ಓಟ ಏರುತ್ತಿದೆಯೇ ಎನ್ನುವುದನ್ನು. ದಡ ಮುಟ್ಟಿದ ಮೇಲೆ ಕುಸಿತ ನಮ್ಮ ಕಡೆ ಬರಲು ಸಾಮಾನ್ಯವಾಗಿ ಒಂದು ದಿನ, ನಿಧಾನವಾದರೆ ಎರಡು ದಿನ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ರಸ್ತೆಯ ಮೇಲಿನ ಕಾಳನ್ನು ಗುಡ್ಡೆ ಮಾಡಿ ಎತ್ತರದ ಜಾಗಕ್ಕೆ ಸಾಗಿಸಬಹುದು. ಹೊಲದಲ್ಲಿ ಕಿತ್ತು ಹಾಕಿದ ಈರುಳ್ಳಿಯನ್ನು ಚಪ್ಪರದಡಿಗೆ ತರಬಹುದು. ಕೀಳದೆ ಉಳಿದದ್ದನ್ನು ಮಳೆ ಕಳೆಯುವವರೆಗೆ ನೆಲದಲ್ಲೇ ಬಿಡುವುದು ಮೇಲೋ, ಅವಸರದಿಂದ ಕಿತ್ತು ಹಸಿಯಾಗಿ ರಾಶಿ ಹಾಕುವುದು ಮೇಲೋ ಎನ್ನುವುದಕ್ಕೆ ನನ್ನ ಶಾಸ್ತ್ರದಲ್ಲಿ ಉತ್ತರವಿಲ್ಲ. ಅದು ನಿಮ್ಮ ಹೊಲ ಎರೆಯೋ ಮಸಾರಿಯೋ, ನೀರು ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದರ ಮೇಲೆ ಹೋಗುತ್ತದೆ. ಅದನ್ನು ನನಗಿಂತ ನೀವು ಬಲ್ಲಿರಿ.